ಪೆಟ್ಟು ಬಿದ್ದದ್ದು ಯಾವ ಕಡೆಯಿಂದ?

ಗೇಮ್ ಆಡುವವರು ಇದನ್ನು ಒಮ್ಮೆಯಾದರೂ ನೋಡಿರುತ್ತಾರೆ. ಎದುರಾಳಿ ಬೆನ್ನು ತೋರಿಸಿ ಓಡುತ್ತಿದ್ದಾನೆ. ನೀವು ಹಾರಿಸಿದ ಗುಂಡು ಅವನ ಬೆನ್ನಿಗೇ ತಾಗುತ್ತದೆ. ಅವನೋ ಎದೆಗೆ ಪೆಟ್ಟು ಬಿದ್ದವನ ಹಾಗೆ ಹಿಂದಕ್ಕೆ, ಅಂದರೆ ನಿಮ್ಮ ಕಡೆಗೇ, ವಾಲುತ್ತಾನೆ. ಸಾಲದ್ದಕ್ಕೆ ಅಷ್ಟು ಹೊತ್ತು ಕಾಲುಗಳು ಕಂಬದಂತೆ ನಿಂತುಬಿಟ್ಟಿರುತ್ತವೆ, ಆದರೂ ದೇಹ ನೆಲದ ಮೇಲೆ ಜಾರುತ್ತಾ ಮುಂದಕ್ಕೆ ಸಾಗುತ್ತಲೇ ಇರುತ್ತದೆ. ಒಂದೇ ಅರೆಗಳಿಗೆಯಲ್ಲಿ ಕಂಡರೂ ಇವು ಎರಡು ಬೇರೆ ಬೇರೆ ತಪ್ಪುಗಳು. ಮೊದಲನೆಯದು, ಪೆಟ್ಟು ಬಂದ ಕೋನಕ್ಕೆ ಹೊಂದದ ಅನಿಮೇಷನ್ ಆರಿಸಿದ್ದು. ಎರಡನೆಯದು, ಆರಿಸಿದ್ದನ್ನು ಓಟದ ಮೇಲೆ ಸರಿಯಾಗಿ ಬೆರೆಸದೇ ಇದ್ದದ್ದು.

ಪೆಟ್ಟು ಬಿದ್ದ ಜಾಗಕ್ಕೆ ತಕ್ಕಂತೆ ಪಾತ್ರ ಬೇರೆ ಬೇರೆಯಾಗಿ ಮುಲುಗುವುದು ಗೇಮ್‌ಗಳಲ್ಲಿ ಹಳೆಯ ಸಂಗತಿಯೇ. ಸೆಗಾ ಕಂಪನಿಯ ಆರ್ಕೇಡ್ ಗೇಮ್ ‘ವರ್ಚುವಾ ಕಾಪ್’ 1994ರಲ್ಲೇ ಇದನ್ನು ತೋರಿಸಿತ್ತು. 1997ರಲ್ಲಿ ನಿಂಟೆಂಡೊ 64ಕ್ಕೆ ಬಂದ ‘ಗೋಲ್ಡನ್‌ಐ 007’ ಅದನ್ನು ಮನೆಮನೆಯ ಟಿವಿಗೆ ತಂದಿತು. ಅದರ ನಿರ್ದೇಶಕ ಮಾರ್ಟಿನ್ ಹಾಲಿಸ್ ತಮಗೆ ಪ್ರೇರಣೆ ‘ವರ್ಚುವಾ ಕಾಪ್’ ಎಂದು ಹೇಳಿಕೊಂಡಿದ್ದಾರೆ. ಇವತ್ತು ಅನ್‌ರಿಯಲ್, ಯೂನಿಟಿಯಂಥ ಗೇಮ್ ಎಂಜಿನ್‌ಗಳಲ್ಲಿ ಇದಕ್ಕೆ ಬೇಕಾದ ಸಲಕರಣೆಗಳೆಲ್ಲ ಸಿದ್ಧವಾಗಿಯೇ ಸಿಗುತ್ತವೆ. ಆದರೂ ಮೊದಲ ಗೇಮ್ ಮಾಡುವ ತಂಡಗಳು ಅದೇ ಎರಡು ಹಳ್ಳಕ್ಕೆ ಬೀಳುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿ ಅನುಕರಿಸುತ್ತಿರುವುದು ಭೌತಶಾಸ್ತ್ರವನ್ನಲ್ಲ. 8 ಗ್ರಾಂ ತೂಕದ ಗುಂಡು ಸೆಕೆಂಡಿಗೆ 700 ಮೀಟರ್ ವೇಗದಲ್ಲಿ ಬಂದು 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ನಿಂತರೂ ಅವನ ವೇಗ ಬದಲಾಗುವುದು ಸೆಕೆಂಡಿಗೆ ಸುಮಾರು 8 ಸೆಂಟಿಮೀಟರ್ ಮಾತ್ರ. ಕಣ್ಣಿಗೂ ಕಾಣದಷ್ಟು. ಸಿನಿಮಾದಲ್ಲಿ ಹಾರಿ ಬೀಳುವುದು, ಗೇಮ್‌ನಲ್ಲಿ ಭುಜ ಝಾಡಿಸುವುದು ಎಲ್ಲವೂ ಅಭಿನಯ. ಆಡುವವನಿಗೆ ‘ನಿನ್ನ ಗುಂಡು ತಾಗಿತು, ಈ ಕಡೆಯಿಂದ ತಾಗಿತು’ ಎಂದು ತಿಳಿಸುವುದೇ ಈ ಅಭಿನಯದ ಕೆಲಸ. ಹಾಗಾಗಿ ದಿಕ್ಕು ತಪ್ಪಿದರೆ ಚಂದ ಕೆಡುವುದಷ್ಟೇ ಅಲ್ಲ, ತಪ್ಪು ಸುದ್ದಿಯೂ ಮುಟ್ಟುತ್ತದೆ.

ಅನಿಮೇಟರ್‌ಗಳು ಸಾಮಾನ್ಯವಾಗಿ ನಾಲ್ಕು ಕ್ಲಿಪ್ ಮಾಡಿ ಕೊಡುತ್ತಾರೆ: ಮುಂದಿನಿಂದ, ಹಿಂದಿನಿಂದ, ಎಡದಿಂದ, ಬಲದಿಂದ. ಒಂದೊಂದೂ ಅರ್ಧ ಸೆಕೆಂಡಿನ ಆಸುಪಾಸಿನದು. ಪಾತ್ರ ಸುಮ್ಮನೆ ನಿಂತಿರುತ್ತದೆ, ಮೈ ಚಕ್ಕನೆ ಝಾಡಿಸುತ್ತದೆ, ಮತ್ತೆ ನಿಂತ ಭಂಗಿಗೆ ಮರಳುತ್ತದೆ. ಇಲ್ಲೇ ಒಂದು ಕಿರಿಕಿರಿ ಶುರುವಾಗುವುದುಂಟು. ಫೈಲಿನ ಹೆಸರು `Hit_R` ಎಂದಿರುತ್ತದೆ. ಪೆಟ್ಟು ಬಲದಿಂದ ಬಂತು ಎಂಬ ಅರ್ಥದಲ್ಲಿ ಅನಿಮೇಟರ್ ಆ ಹೆಸರಿಟ್ಟರೆ, ಮೈ ಬಲಕ್ಕೆ ವಾಲುತ್ತದೆ ಎಂದು ಪ್ರೋಗ್ರಾಮರ್ ತಿಳಿದುಕೊಳ್ಳುತ್ತಾನೆ. ಮುಂದೆ-ಹಿಂದೆ ಸರಿಯಾಗಿದ್ದು ಎಡ-ಬಲ ಮಾತ್ರ ಅದಲುಬದಲಾಗಿದ್ದರೆ, ಲೆಕ್ಕ ಹುಡುಕುವ ಮುನ್ನ ಹೆಸರುಗಳನ್ನು ನೋಡುವುದು ಒಳ್ಳೆಯದು.

ಈಗ ಕೋನಕ್ಕೆ ಬರೋಣ. ಒಬ್ಬ ಸೈನಿಕ ಉತ್ತರಕ್ಕೆ ಮುಖ ಮಾಡಿ ಓಡುತ್ತಿದ್ದಾನೆ ಎಂದುಕೊಳ್ಳಿ. ಗುಂಡು ಹಾರಿಸುವವನು ಅವನಿಂದ 4 ಮೀಟರ್ ಉತ್ತರಕ್ಕೆ, 3 ಮೀಟರ್ ಪೂರ್ವಕ್ಕೆ ಇದ್ದಾನೆ. ಸೈನಿಕನ ದೃಷ್ಟಿಯಿಂದ ಅವನು 4 ಮೀಟರ್ ಮುಂದೆ, 3 ಮೀಟರ್ ಬಲಕ್ಕೆ. ಬೇಕಾಗಿರುವುದು ಈ ಎರಡೇ ಸಂಖ್ಯೆ. ಎಂಜಿನ್‌ನಲ್ಲಿ ಇವು ಎರಡು ಡಾಟ್ ಪ್ರಾಡಕ್ಟ್‌ಗಳಿಂದ ಸಿಗುತ್ತವೆ: ಪೆಟ್ಟು ಬಂದ ಕಡೆಗೆ ಎಳೆದ ಗೆರೆಯನ್ನು ಪಾತ್ರದ ಮುಂದಿನ ದಿಕ್ಕಿನ ಮೇಲೆ ಅಳೆದರೆ ಒಂದು, ಬಲದ ದಿಕ್ಕಿನ ಮೇಲೆ ಅಳೆದರೆ ಇನ್ನೊಂದು. ಎರಡನ್ನೂ `atan2(ಬಲ, ಮುಂದೆ)` ಎಂಬ ಲೆಕ್ಕಕ್ಕೆ ಕೊಟ್ಟರೆ 37 ಡಿಗ್ರಿ ಎಂಬ ಉತ್ತರ ಬರುತ್ತದೆ. ನೇರ ಮುಂದೆ ಸೊನ್ನೆ, ಬಲ 90, ಎಡ ಮೈನಸ್ 90, ಬೆನ್ನ ಹಿಂದೆ 180. ಸೊನ್ನೆಯ ಎರಡೂ ಪಕ್ಕಕ್ಕೆ 45 ಡಿಗ್ರಿಯವರೆಗೆ ಮುಂದಿನ ಕ್ಲಿಪ್, 45ರಿಂದ 135ರವರೆಗೆ ಬಲದ್ದು, ಅಷ್ಟೇ ಎಡಕ್ಕೆ ಎಡದ್ದು, ಉಳಿದದ್ದು ಹಿಂದಿನದು. 37 ಎಂದರೆ ಮುಂದಿನ ಕ್ಲಿಪ್.

ಇಷ್ಟನ್ನು ಎಲ್ಲ ಪಾಠಗಳೂ ಹೇಳುತ್ತವೆ. ಹೊಸಬರು ಮಾತ್ರ ಮುಂದಿನ ದಿಕ್ಕಿನ ಒಂದೇ ಡಾಟ್ ಪ್ರಾಡಕ್ಟ್ ತೆಗೆದುಕೊಂಡು `acos`ನಿಂದ ಕೋನ ಹುಡುಕುತ್ತಾರೆ. ಅದರಿಂದ ಬರುವುದು ಸೊನ್ನೆಯಿಂದ 180ರವರೆಗಿನ ಉತ್ತರ, ಎಡ ಯಾವುದು ಬಲ ಯಾವುದು ಎಂದು ಅದಕ್ಕೆ ಗೊತ್ತಿರುವುದಿಲ್ಲ. ಇದು ಬೇಗ ಸಿಕ್ಕಿಬೀಳುವ ತಪ್ಪು. ಬೇಗ ಸಿಗದ ಇನ್ನೊಂದು ಇದೆ. ಹಾರಿಸುವವನನ್ನು ಅದೇ ಜಾಗದಲ್ಲಿ, ಆದರೆ 6 ಮೀಟರ್ ಎತ್ತರದ ತಾರಸಿಯ ಮೇಲೆ ನಿಲ್ಲಿಸಿ. ಇಬ್ಬರ ನಡುವಿನ ನೇರ ದೂರ ಈಗ 5 ಮೀಟರ್ ಅಲ್ಲ, ಸುಮಾರು 7.8. ಮುಂದಿನ ಪಾಲು 4ನ್ನು ಅದರಿಂದ ಭಾಗಿಸಿ `acos` ತೆಗೆದರೆ 59 ಡಿಗ್ರಿ ಬರುತ್ತದೆ. 45 ದಾಟಿತು, ಪಕ್ಕದ ಕ್ಲಿಪ್ ಓಡಿತು! ಹಾರಿಸುವವನು ಮೇಲೆ ಹತ್ತಿದನೇ ಹೊರತು ಪಕ್ಕಕ್ಕೆ ಒಂದು ಹೆಜ್ಜೆಯೂ ಸರಿದಿಲ್ಲ. ಸಮತಟ್ಟು ನೆಲದ ಮೇಲೆ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ. ಮೆಟ್ಟಿಲು, ಗುಡ್ಡ ಇರುವ ಜಾಗದಲ್ಲಿ ಮಾತ್ರ ‘ಆಗಾಗ ತಪ್ಪುತ್ತೆ’ ಎಂಬ ದೂರು ಬರುತ್ತದೆ. ಎತ್ತರವನ್ನು ಮೊದಲೇ ಸೊನ್ನೆ ಮಾಡಿ, ಎರಡು ಪಾಲುಗಳನ್ನೂ ಅಳೆದು `atan2` ಬಳಸಿದರೆ ಈ ರಗಳೆ ಇಲ್ಲ.

ಇದಕ್ಕಿಂತ ಆಳದ ಪ್ರಶ್ನೆ, ‘ಮುಂದೆ’ ಎಂದರೆ ಯಾರ ಮುಂದೆ ಎಂಬುದು. ಅನ್‌ರಿಯಲ್‌ನಲ್ಲಿ ಪಾತ್ರ ಎಂದರೆ ಕಣ್ಣಿಗೆ ಕಾಣದ ಒಂದು ಕ್ಯಾಪ್ಸೂಲ್, ಅದರೊಳಗೆ ಕಾಣುವ ದೇಹ. ವಾಡಿಕೆಯಂತೆ ಈ ದೇಹವನ್ನು ಕ್ಯಾಪ್ಸೂಲಿನೊಳಗೆ ಮೈನಸ್ 90 ಡಿಗ್ರಿ ತಿರುಗಿಸಿ ಕೂರಿಸಿರುತ್ತಾರೆ. ಕ್ಯಾಪ್ಸೂಲನ್ನು ಕೇಳುವ ಬದಲು ದೇಹವನ್ನೇ ‘ನಿನ್ನ ಮುಂದಿನ ದಿಕ್ಕು ಯಾವುದು’ ಎಂದು ಕೇಳಿದರೆ ಉತ್ತರ ಕಾಲು ಸುತ್ತು ತಪ್ಪಿರುತ್ತದೆ. ಎದೆಗೆ ಹೊಡೆದರೆ ಪಕ್ಕಕ್ಕೆ ವಾಲುತ್ತಾನೆ, ಪಕ್ಕಕ್ಕೆ ಹೊಡೆದರೆ ಬೆನ್ನಿಗೆ ಬಿದ್ದವನಂತೆ ಮಾಡುತ್ತಾನೆ. ನಾಲ್ಕೂ ಒಂದೊಂದು ಮನೆ ಸರಿದು ತಪ್ಪುತ್ತಿದ್ದರೆ ಕಾರಣ ಬಹುತೇಕ ಇದೇ.

ಕ್ಯಾಪ್ಸೂಲನ್ನೇ ಕೇಳಿದರೂ ಮುಗಿಯಲಿಲ್ಲ. ನಮ್ಮ ಸೈನಿಕ ಉತ್ತರಕ್ಕೆ ಓಡುತ್ತಲೇ ಎದೆಯನ್ನು 40 ಡಿಗ್ರಿ ಎಡಕ್ಕೆ ತಿರುಗಿಸಿ ಬೇರೊಬ್ಬನಿಗೆ ಗುರಿಯಿಟ್ಟಿದ್ದಾನೆ ಎನ್ನಿ. ಶೂಟಿಂಗ್ ಗೇಮ್‌ಗಳಲ್ಲಿ ಸೊಂಟದ ಕೆಳಗೊಂದು ದಿಕ್ಕು, ಮೇಲೊಂದು ದಿಕ್ಕು ಇರುವುದು ಮಾಮೂಲು. ಮೊದಲಿನವನು ಅದೇ ಜಾಗದಿಂದ ಹಾರಿಸಿದ. ಕಾಲಿನ ಲೆಕ್ಕದಲ್ಲಿ ಅದು 37 ಡಿಗ್ರಿ, ಮುಂದಿನಿಂದ ಬಂದ ಪೆಟ್ಟು. ಎದೆಯ ಲೆಕ್ಕದಲ್ಲಿ 77 ಡಿಗ್ರಿ, ಬಲಗಡೆಯಿಂದ ಬಂದ ಪೆಟ್ಟು. ಯಾವುದು ಸರಿ? ಎರಡೂ ಸರಿ. ಆರಿಸಿದ ಕ್ಲಿಪ್ ಮೈಮೇಲೆ ಯಾವ ಲೆಕ್ಕದಲ್ಲಿ ಕೂರುತ್ತದೆ ಎಂಬುದರ ಮೇಲೆ ತೀರ್ಮಾನ. ಈ ಗಂಟು ಬಿಚ್ಚುವುದು ಬೆರೆಸುವ ಹಂತದಲ್ಲಿ, ಅಲ್ಲಿಗೆ ಬರುತ್ತೇನೆ.

ಪೆಟ್ಟಿನ ಮೂಲವೂ ಯಾವಾಗಲೂ ಹೊಡೆದವನಲ್ಲ. ಗುಂಡಾದರೆ ಅದು ಹಾರಿಬಂದ ದಿಕ್ಕನ್ನು ತಿರುಗಿಸಿ ಬಳಸಬಹುದು. ಗ್ರೆನೇಡ್ ಆದರೆ ಸಿಡಿದ ಜಾಗ ಮುಖ್ಯ. ಎಸೆದವನು ಎದುರಿಗಿದ್ದು ಗ್ರೆನೇಡ್ ಬೆನ್ನ ಹಿಂದೆ ಸಿಡಿದಾಗ ಪಾತ್ರ ಹಿಂದಕ್ಕೆ ವಾಲಿದರೆ ನಗೆಪಾಟಲು. ಕತ್ತಿಯ ವಿಷಯ ಇನ್ನೂ ಸೊಗಸಾಗಿದೆ. ಎದುರಿಗೆ ನಿಂತವನು ತನ್ನ ಬಲದಿಂದ ಎಡಕ್ಕೆ ಕತ್ತಿ ಬೀಸಿದರೆ ಪೆಟ್ಟು ನಿಮ್ಮ ಎಡಪಕ್ಕಕ್ಕೆ ಬೀಳುತ್ತದೆ, ಮೈ ಬಲಕ್ಕೆ ತಳ್ಳಲ್ಪಡಬೇಕು. ನಿಂತ ಜಾಗವನ್ನು ನೋಡಿದರೆ ‘ಮುಂದೆ’ ಎಂದೇ ಬರುತ್ತದೆ. ಹಾಗಾಗಿ ಕತ್ತಿ, ದೊಣ್ಣೆಗಳಿಗೆ ಬೀಸಿನ ದಿಕ್ಕನ್ನೇ ಆಯಾ ಹೊಡೆತದ ಜೊತೆ ಬರೆದಿಡುವುದು ವಾಸಿ.

ಗಡಿಯ ತೊಂದರೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 44 ಡಿಗ್ರಿಗೆ ಮುಂದಿನ ಕ್ಲಿಪ್, 46ಕ್ಕೆ ಬಲದ್ದು. ಮೆಷಿನ್‌ಗನ್‌ನ ಗುಂಡುಗಳು ಈ ಗಡಿಯ ಅಕ್ಕಪಕ್ಕ ಬೀಳುತ್ತಿದ್ದರೆ ಪಾತ್ರ ಹಿಂದಕ್ಕೊಮ್ಮೆ ಪಕ್ಕಕ್ಕೊಮ್ಮೆ ಕುಣಿಯುತ್ತದೆ. ಒಮ್ಮೆ ಒಂದು ಮನೆ ಹಿಡಿದ ಮೇಲೆ ಗಡಿಯನ್ನು 10-15 ಡಿಗ್ರಿ ದಾಟುವವರೆಗೆ ಅದನ್ನು ಬಿಡದಿರುವುದು ಒಂದು ಪರಿಹಾರ. ಅಕ್ಕಪಕ್ಕದ ಎರಡು ಕ್ಲಿಪ್‌ಗಳನ್ನು ಕೋನಕ್ಕೆ ತಕ್ಕ ಪಾಲಿನಲ್ಲಿ ಬೆರೆಸುವುದು ಇನ್ನೊಂದು. ನಮ್ಮ 37 ಡಿಗ್ರಿಗೆ ಮುಂದಿನದು 59 ಪಾಲು, ಬಲದ್ದು 41 ಪಾಲು. ನನಗೆ ಎರಡನೆಯದೇ ಇಷ್ಟ, ನಾಲ್ಕೇ ಕ್ಲಿಪ್‌ನಿಂದ ಎಲ್ಲ ದಿಕ್ಕುಗಳೂ ಸಿಗುತ್ತವೆ. ನಾಲ್ಕೂ ಕ್ಲಿಪ್‌ಗಳಲ್ಲಿ ಮೈ ಅತಿ ಹೆಚ್ಚು ಬಾಗುವ ಕ್ಷಣ ಒಂದೇ ಆಗಿರಬೇಕು, ಇಲ್ಲದಿದ್ದರೆ ಒಂದು ಏಟು ಎರಡು ಏಟಿನಂತೆ ಕಾಣುತ್ತದೆ. ಹಿಂದಿನ ಕ್ಲಿಪ್ಪನ್ನು ಪಟ್ಟಿಯ ಎರಡೂ ತುದಿಗೆ, 180ಕ್ಕೂ ಮೈನಸ್ 180ಕ್ಕೂ, ಇಡುವುದನ್ನು ಮರೆಯಬಾರದು.

ಇನ್ನು ಬೆರಕೆ. ಕ್ಲಿಪ್ಪನ್ನು ಇಡೀ ಮೈಗೆ ಹಾಕಿದರೆ ಕಾಲುಗಳಿಗೂ ನಿಂತ ಭಂಗಿಯೇ ಬರುತ್ತದೆ. ಕ್ಯಾಪ್ಸೂಲ್ ಮಾತ್ರ ತನ್ನ ಪಾಡಿಗೆ ಸೆಕೆಂಡಿಗೆ 5 ಮೀಟರ್ ಓಡುತ್ತಿರುತ್ತದೆ. ಅರ್ಧ ಸೆಕೆಂಡಿನಲ್ಲಿ ಸೈನಿಕ ಎರಡೂವರೆ ಮೀಟರ್ ಜಾರುತ್ತಾನೆ. ಮೊದಲು ಹೇಳಿದ ಜಾರಾಟ ಇದೇ. ಹಾಗಾದರೆ ಸೊಂಟದ ಮೇಲಕ್ಕೆ ಮಾತ್ರ ಹಾಕೋಣ ಎನ್ನಿಸುತ್ತದೆ. ಅನ್‌ರಿಯಲ್‌ನಲ್ಲಿ `Layered blend per bone` ಎಂಬ ನೋಡ್‌ಗೆ `spine_01` ಎಂಬ ಮೂಳೆಯ ಹೆಸರು ಕೊಟ್ಟರೆ ಅಲ್ಲಿಂದ ಮೇಲೆ ಏಟಿನ ಕ್ಲಿಪ್, ಕೆಳಗೆ ಓಟ. ಯೂನಿಟಿಯಲ್ಲಿ ಇದೇ ಕೆಲಸಕ್ಕೆ ಲೇಯರ್ ಮತ್ತು ಅವತಾರ್ ಮಾಸ್ಕ್ ಇವೆ. ಕಾಲಿನ ಜಾರಾಟ ನಿಂತಿತು. ಆದರೆ ಮೇಲಿನ ಅರ್ಧ ಓಟವನ್ನು ಪೂರ್ತಿ ಮರೆತಿರುತ್ತದೆ: ಓಡುವವನ ಮುಂದಿನ ಬಾಗು ಮಾಯ, ಕೈ ಬೀಸು ಮಾಯ, ಎಡಕ್ಕೆ ತಿರುಗಿ ಗುರಿಯಿಟ್ಟದ್ದೂ ಮಾಯ. ನಿಂತವನ ರುಂಡವನ್ನು ಓಡುವವನ ಕಾಲಿಗೆ ಜೋಡಿಸಿದ ಹಾಗಿರುತ್ತದೆ.

ಸರಿಯಾದ ದಾರಿ ಅಡಿಟಿವ್. ಇಲ್ಲಿ ಕ್ಲಿಪ್‌ನ ಭಂಗಿಯನ್ನು ತಂದು ಹಾಕುವುದಿಲ್ಲ. ನಿಂತ ಭಂಗಿಗೂ ಏಟು ತಿಂದ ಭಂಗಿಗೂ ಇರುವ ವ್ಯತ್ಯಾಸವನ್ನಷ್ಟೇ ಓಟದ ಮೇಲೆ ಕೂಡಿಸುತ್ತೇವೆ. ಕ್ಲಿಪ್‌ನಲ್ಲಿ ಎದೆ ನೆಟ್ಟಗಿದ್ದದ್ದು 20 ಡಿಗ್ರಿ ಹಿಂದಕ್ಕೆ ಬಾಗುತ್ತದೆ ಎನ್ನಿ. ಓಡುವವನ ಎದೆ ಆ ಕ್ಷಣ 12 ಡಿಗ್ರಿ ಮುಂದಕ್ಕೆ ಬಾಗಿದ್ದರೆ ಫಲ 8 ಡಿಗ್ರಿ ಹಿಂದಕ್ಕೆ. ಕೈ ಬೀಸು ನಿಲ್ಲುವುದಿಲ್ಲ, ಗುರಿಯೂ ಕಳೆದುಹೋಗುವುದಿಲ್ಲ, ಮೈ ಮಾತ್ರ ಝಾಡಿಸುತ್ತದೆ.

ಮೊದಲು ಕಟ್ಟಿಟ್ಟ ಗಂಟು ಬಿಚ್ಚುವುದು ಇಲ್ಲೇ. ವ್ಯತ್ಯಾಸವನ್ನು ಕೂಡಿಸಲು ಎರಡು ಬಗೆ ಇವೆ. ಅನ್‌ರಿಯಲ್‌ನಲ್ಲಿ ಕ್ಲಿಪ್‌ನ `Additive Anim Type` ಎಂಬಲ್ಲಿ `Local Space` ಆರಿಸಿದರೆ ಪ್ರತಿ ಮೂಳೆಯ ತಿರುವೂ ಅದರ ಪೇರೆಂಟ್ ಮೂಳೆಗೆ ಸಂಬಂಧಪಟ್ಟಂತೆ ಕೂಡುತ್ತದೆ. ಎದೆ ಎಡಕ್ಕೆ ತಿರುಗಿದ್ದರೆ ‘ಹಿಂದಕ್ಕೆ’ ಎಂಬುದೂ ಅದರ ಜೊತೆ ತಿರುಗುತ್ತದೆ. `Mesh Space` ಆರಿಸಿದರೆ ಎದೆ ಎತ್ತ ತಿರುಗಿದ್ದರೂ ‘ಹಿಂದಕ್ಕೆ’ ಎಂದರೆ ಇಡೀ ಪಾತ್ರದ ಹಿಂದಕ್ಕೆ. ಆದ್ದರಿಂದ ಮೊದಲನೆಯದನ್ನು ಬಳಸುವವರು ಕೋನವನ್ನು ಎದೆಯಿಂದ ಅಳೆಯಬೇಕು. ನಮ್ಮ ಸೈನಿಕನಿಗೆ 77 ಡಿಗ್ರಿ, ಬಹುಪಾಲು ಬಲದ ಕ್ಲಿಪ್. ಎರಡನೆಯದನ್ನು ಬಳಸುವವರು ಕ್ಯಾಪ್ಸೂಲಿನಿಂದ ಅಳೆಯಬೇಕು. 37 ಡಿಗ್ರಿ, ಮುಂದಿನದೂ ಬಲದ್ದೂ ಬೆರೆತು. ಹೀಗೆ ಜೋಡಿ ಸರಿಯಿದ್ದರೆ ಮೈ ಸುಮಾರಾಗಿ ಒಂದೇ ಕಡೆಗೆ, ಅಂದರೆ ಹಾರಿಸಿದವನಿಂದ ದೂರಕ್ಕೆ, ವಾಲುತ್ತದೆ. ಜೋಡಿ ತಪ್ಪಿದರೆ ಎದೆ ಎಷ್ಟು ತಿರುಗಿತ್ತೋ ಅಷ್ಟೇ ಡಿಗ್ರಿ ದಿಕ್ಕು ತಪ್ಪುತ್ತದೆ. ನೆಟ್ಟಗೆ ನೋಡುತ್ತಾ ಓಡುವಾಗ ಎಲ್ಲ ಸರಿ, ಗುರಿ ಹಿಡಿದಾಗ ಮಾತ್ರ ಏನೋ ಓರೆ ಎನ್ನಿಸಿದರೆ ಅನುಮಾನ ಇಲ್ಲಿಗೆ ಹೋಗಬೇಕು. ಗೆಳೆಯರ ತಂಡಗಳಲ್ಲಿ ನಾನು ನೋಡಿದ ‘ಅರ್ಥವಾಗದ’ ತಪ್ಪುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಕೋನವನ್ನು ಬರೆದವನೊಬ್ಬ, ಬೆರಕೆಯನ್ನು ಜೋಡಿಸಿದವಳೊಬ್ಬಳು, ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿ.

ವ್ಯತ್ಯಾಸ ಎಂದಾಗ ಯಾವುದರಿಂದ ವ್ಯತ್ಯಾಸ ಎಂಬುದೂ ಅಷ್ಟೇ ಮುಖ್ಯ. `Base Pose Type` ಎಂಬ ಆಯ್ಕೆಯಲ್ಲಿ ಕ್ಲಿಪ್ ಶುರುವಾಗುವ ನಿಂತ ಭಂಗಿಯನ್ನೇ ಕೊಡಬೇಕು. ಅದರ ಬದಲು ಅಸ್ಥಿಪಂಜರದ ಮೂಲ ಭಂಗಿ, ಅಂದರೆ ಎರಡೂ ಕೈ ಅಗಲಿಸಿ ನಿಂತದ್ದು, ಉಳಿದುಬಿಟ್ಟಿದ್ದರೆ ‘ಕೈ ಕೆಳಗಿಳಿಸು’ ಎಂಬುದೂ ಏಟಿನ ಭಾಗವಾಗಿಬಿಡುತ್ತದೆ. ಓಡುವವನ ಕೈ ಆಗಲೇ ಕೆಳಗಿದೆ, ಇನ್ನೊಮ್ಮೆ ಇಳಿದು ಪಕ್ಕೆಲುಬಿನೊಳಗೆ ತೂರುತ್ತದೆ. ಏಟು ಬಿದ್ದಾಗಲೆಲ್ಲ ತೋಳು ಮೈಯೊಳಗೆ ಹೋದರೆ ಬೇರೇನೂ ನೋಡಬೇಕಿಲ್ಲ.

ಕಾಲದ ಲೆಕ್ಕ ಚಿಕ್ಕದು, ಆದರೆ ಎಲ್ಲರೂ ಎಡವುವಂಥದ್ದು. ಅನ್‌ರಿಯಲ್‌ನಲ್ಲಿ ಹೀಗೆ ಬೇಕೆಂದಾಗ ಓಡಿಸುವ ಕ್ಲಿಪ್ಪನ್ನು ಮಾಂಟಾಜ್ ಎನ್ನುತ್ತಾರೆ. ಅದು ನಿಧಾನವಾಗಿ ಮೂಡುವ ಅವಧಿ, `Blend In`, ತಾನಾಗಿ 0.25 ಸೆಕೆಂಡ್ ಇರುತ್ತದೆ. ಏಟಿನ ಕ್ಲಿಪ್‌ನಲ್ಲಿ ಮೈ ಪೂರ್ತಿ ಬಾಗುವುದು 0.08 ಸೆಕೆಂಡಿಗೆ. ಆ ಹೊತ್ತಿಗೆ ಕ್ಲಿಪ್ ಮೂಡಿರುವುದು ಮೂರನೇ ಒಂದು ಪಾಲು, ಹಾಗಾಗಿ 20 ಡಿಗ್ರಿಯ ಬಾಗು ಆರೂವರೆ ಡಿಗ್ರಿಯಷ್ಟೇ ಕಾಣುತ್ತದೆ. ಪೂರ್ತಿ ಮೂಡುವ ಹೊತ್ತಿಗೆ ಪಾತ್ರ ಚೇತರಿಸಿಕೊಳ್ಳುತ್ತಿರುತ್ತದೆ. ‘ಏಟಿಗೆ ಜೋರೇ ಇಲ್ಲ’ ಎಂದು ಅನಿಮೇಟರ್‌ಗೆ ವಾಪಸ್ ಕಳಿಸುತ್ತಾರೆ, ಅವರು ಬಾಗನ್ನು 40 ಮಾಡಿ ಕಳಿಸುತ್ತಾರೆ, ನಿಂತಾಗ ನೋಡಿದರೆ ಅಸಹ್ಯ. ಅವಧಿಯನ್ನು 0.05ಕ್ಕೆ ಇಳಿಸಿದರೆ ಸಾಕಿತ್ತು. ಹೊರಬರುವ ಅವಧಿ ಮಾತ್ರ 0.2, 0.3 ಇರಲಿ, ಏಟು ಫಟ್ಟನೆ ಬರಬೇಕು, ನಿಧಾನವಾಗಿ ಇಳಿಯಬೇಕು.

ಏಟಿನ ಮೇಲೆ ಏಟು ಬಿದ್ದಾಗ? ನಿಮಿಷಕ್ಕೆ 600 ಗುಂಡು ಹಾರಿಸುವ ಬಂದೂಕು 0.1 ಸೆಕೆಂಡಿಗೊಂದು ಗುಂಡು ಮುಟ್ಟಿಸುತ್ತದೆ. ಪ್ರತಿ ಸಲವೂ ಕ್ಲಿಪ್ಪನ್ನು ಮೊದಲಿನಿಂದ ಓಡಿಸಿದರೆ ಮೈ ಬಾಗಿದ ಸ್ಥಿತಿಯಲ್ಲೇ ಸಿಕ್ಕಿಕೊಂಡು ನಡುಗುತ್ತದೆ. ಕಾಲು ಸೆಕೆಂಡಿಗೊಮ್ಮೆ ಮಾತ್ರ ಹೊಸದಕ್ಕೆ ಅವಕಾಶ ಕೊಟ್ಟು, ಒಂದೇ ದಿಕ್ಕಿಗೆ ಎರಡು ಮೂರು ಬಗೆಯ ಕ್ಲಿಪ್ ಇಟ್ಟುಕೊಂಡರೆ ಸಹಜವಾಗುತ್ತದೆ. ಇದರ ಜೊತೆ ಬರುವ ಇನ್ನೊಂದು ಪೀಡೆ ನೋಡಲು ಅನಿಮೇಷನ್ನಿನ ತಪ್ಪಿನಂತೆ ಇರುವುದೇ ಇಲ್ಲ: ಏಟು ತಿಂದ ಸೈನಿಕ ಆಮೇಲೆ ಗುಂಡನ್ನೇ ಹಾರಿಸುವುದಿಲ್ಲ. ಅನ್‌ರಿಯಲ್‌ನಲ್ಲಿ ಒಂದೇ ಸ್ಲಾಟ್ ಗುಂಪಿನ ಮಾಂಟಾಜ್‌ಗಳು ಒಂದನ್ನೊಂದು ನಿಲ್ಲಿಸುತ್ತವೆ. ಬಂದೂಕಿಗೆ ಗುಂಡು ತುಂಬುವುದೂ ಒಂದು ಮಾಂಟಾಜ್. ತುಂಬುತ್ತಿರುವಾಗ ಏಟು ಬಿದ್ದರೆ ಅದು ಅರ್ಧಕ್ಕೇ ನಿಂತು, ಕೊನೆಯಲ್ಲಿ ಬರಬೇಕಾದ ‘ತುಂಬಿ ಆಯಿತು’ ಎಂಬ ಸೂಚನೆ ಬರುವುದೇ ಇಲ್ಲ. ಕೋಡ್ ಕಾಯುತ್ತಲೇ ಇರುತ್ತದೆ. ಏಟಿಗೆ ಬೇರೆಯೇ ಸ್ಲಾಟ್ ಗುಂಪು ಮಾಡಿದರೆ ಎರಡೂ ತಂಟೆಯಿಲ್ಲದೆ ಓಡುತ್ತವೆ.

ಸೊಂಟದ ಬಗ್ಗೆ ನನ್ನದೊಂದು ತಕರಾರಿದೆ. ಬೆನ್ನುಮೂಳೆಯಿಂದ ಮೇಲಕ್ಕೆ ಮಾತ್ರ ಏಟು ಕೂಡಿಸಿದರೆ ಸ್ಪ್ರಿಂಗ್ ಗೊಂಬೆಯ ನೋಟ ಬರುತ್ತದೆ. ಸೊಂಟಕ್ಕೂ ಸ್ವಲ್ಪ, ಕಾಲು ಭಾಗದಷ್ಟು, ಪಾಲು ಕೊಟ್ಟು ಪಾದಗಳನ್ನು ಐಕೆಯಿಂದ, ಅಂದರೆ ಪಾದದ ಜಾಗ ಮೊದಲು ನಿಗದಿಮಾಡಿ ಮಂಡಿಯನ್ನು ಅದಕ್ಕೆ ತಕ್ಕಂತೆ ಬಾಗಿಸುವ ವಿಧಾನದಿಂದ, ಓಟದ ಜಾಗದಲ್ಲೇ ಹಿಡಿದಿಟ್ಟರೆ ಭಾರ ಕಾಣುತ್ತದೆ. ಬಂದೂಕು ಹಿಡಿದ ಎಡಗೈಯ ಐಕೆ ಕೂಡ ಏಟು ಕೂಡಿಸಿದ ನಂತರವೇ ನಡೆಯಬೇಕು, ಮೊದಲೇ ನಡೆದರೆ ಪ್ರತಿ ಏಟಿಗೂ ಕೈ ಬಂದೂಕಿನಿಂದ ಕಳಚುತ್ತದೆ. ಶಾಟ್‌ಗನ್ ಏಟು, ಸ್ಫೋಟದಂಥ ದೊಡ್ಡ ಹೊಡೆತಗಳಿಗೆ ಮಾತ್ರ ಅಡಿಟಿವ್ ಸಾಲದು. ಅಲ್ಲಿ ಓಟವನ್ನೇ ನಿಲ್ಲಿಸಿ, ಕ್ಯಾಪ್ಸೂಲನ್ನೂ ಅನಿಮೇಷನ್ನೇ ಎಳೆದೊಯ್ಯುವ ಪೂರ್ಣ ಮೈಯ ಕ್ಲಿಪ್ ಹಾಕಬೇಕು. ಕೋನವನ್ನು ಆಗ ಎದೆಯಿಂದಲ್ಲ, ಕ್ಯಾಪ್ಸೂಲಿನಿಂದ ಅಳೆಯಬೇಕು.

ಪರೀಕ್ಷೆ ಕಷ್ಟವಲ್ಲ. ಪಾತ್ರವನ್ನು ಒಂದೆಡೆ ನಿಲ್ಲಿಸಿ ಸುತ್ತ ಎಂಟು ಕಡೆಯಿಂದ ಹೊಡೆಯಿರಿ, ಪೆಟ್ಟು ಬಂದ ದಿಕ್ಕಿಗೆ ಪರದೆಯ ಮೇಲೊಂದು ಬಾಣ ಬರೆಸಿ, ಕನ್ಸೋಲ್‌ನಲ್ಲಿ `slomo 0.1` ಎಂದು ಕೊಟ್ಟು ಹತ್ತು ಪಟ್ಟು ನಿಧಾನವಾಗಿ ನೋಡಿ. ತಲೆ ಬಾಣದಿಂದ ದೂರ ಹೋಗಬೇಕು. ಇದನ್ನೇ ಓಡುವಾಗ, ಆಮೇಲೆ ಎದೆ ತಿರುಗಿಸಿ ಗುರಿಯಿಟ್ಟು ಓಡುವಾಗ, ಆಮೇಲೆ ತಾರಸಿಯಿಂದ ಹೊಡೆದು ನೋಡಬೇಕು. ಕೊನೆಯ ಏಟನ್ನೂ ಮರೆಯದೆ ನೋಡಿ. ಜೀವ ಸೊನ್ನೆಗೆ ಇಳಿದ ಕೂಡಲೇ ಪಾತ್ರವನ್ನು ರ‍್ಯಾಗ್‌ಡಾಲ್‌ಗೆ, ಅಂದರೆ ಭೌತಶಾಸ್ತ್ರದ ಲೆಕ್ಕದಲ್ಲಿ ಕುಸಿಯುವ ದೇಹಕ್ಕೆ, ಒಪ್ಪಿಸುತ್ತಾರೆ. ಇಷ್ಟೆಲ್ಲ ಜತನದಿಂದ ಅಳೆದ ದಿಕ್ಕನ್ನು ಆ ಹೊತ್ತಿಗೆ ಅದಕ್ಕೊಂದು ತಳ್ಳಾಗಿ ದಾಟಿಸದಿದ್ದರೆ, ಬಲದಿಂದ ಹತ್ತು ಏಟು ತಿಂದು ಹತ್ತು ಸಲವೂ ಎಡಕ್ಕೆ ಝಾಡಿಸಿದವನು ಹನ್ನೊಂದನೆಯದಕ್ಕೆ ನಿಂತಲ್ಲೇ ಮಡಚಿಕೊಂಡು ಕುಸಿಯುತ್ತಾನೆ.